ಹನ್ನೆರಡು ಕೊಡದ ತೊಟ್ಟಿ

"ಎರಡು ನಲ್ಲಿ ಬಿಟ್ರೆ ತೊಟ್ಟಿ ಬೇಗ ತುಂಬತ್ತೋ, ತಡವಾಗತ್ತೋ?"

ಮಂಗಳವಾರ ರಾತ್ರಿ ಹುರುಳಿಕಾಯಿ ನಾರು ತೆಗೀತಾ ಅಮ್ಮ ಕೇಳಿದ ಈ ಪ್ರಶ್ನೆ ಇನ್ನೂ ನನ್ನ ಕಿವಿಯಲ್ಲೇ ಇದೆ. ಮಗನ ಲೆಕ್ಕ ಇಷ್ಟೇ: ಒಂದು ನಲ್ಲಿ ತೊಟ್ಟಿಯನ್ನು 3 ಗಂಟೆಯಲ್ಲಿ ತುಂಬುತ್ತದೆ, ಇನ್ನೊಂದು 6 ಗಂಟೆಯಲ್ಲಿ. ತಳದ ತೂತು ತುಂಬಿದ ತೊಟ್ಟಿಯನ್ನು 12 ಗಂಟೆಯಲ್ಲಿ ಖಾಲಿ ಮಾಡುತ್ತದೆ. ಮೂರೂ ಒಟ್ಟಿಗಿದ್ದರೆ ತುಂಬಲು ಎಷ್ಟು ಹೊತ್ತು? ಅವನು ಮೂರಕ್ಕೆ ಆರು ಕೂಡಿಸಿ, ಹನ್ನೆರಡು ಕಳೆದು, ಮೈನಸ್ ಮೂರು ಗಂಟೆ ಅಂತ ಬರೆದು ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದ. ನಲ್ಲಿ ತಿರುಗಿಸುವ ಮೂರು ಗಂಟೆ ಮೊದಲೇ ತುಂಬಿ ಕೂತಿರುವ ತೊಟ್ಟಿ!

ನಾನು ಬೈಯುವಷ್ಟರಲ್ಲಿ ಅಮ್ಮ ಆ ಪ್ರಶ್ನೆ ಹಾಕಿದರು. ಅವರು ಓದಿದ್ದು ನಾಲ್ಕನೇ ಕ್ಲಾಸು. ಟ್ಯೂಷನ್ ಮೇಷ್ಟ್ರು ಇವನಿಗೆ ಒಂದು ಸೂತ್ರ ಬಾಯಿಪಾಠ ಮಾಡಿಸಿದ್ದಾರೆ, ಯಾವ ಅಕ್ಷರ ಎಲ್ಲಿ ಕೂರುತ್ತೆ ಅನ್ನೋದು ಅವನಿಗೆ ಮರೆತುಹೋಗಿದೆ. ಸೂತ್ರದ ಮೇಷ್ಟ್ರುಗಳ ಬಗ್ಗೆ ನನಗೆ ಮೊದಲಿಂದಲೂ ಒಳ್ಳೆಯ ಅಭಿಪ್ರಾಯವಿಲ್ಲ.

"ತೊಟ್ಟಿ ಹನ್ನೆರಡು ಕೊಡದ್ದು ಅಂತಿಟ್ಕೋ," ಅಂದರು ಅಮ್ಮ. "ಮೂರು ಗಂಟೇಲಿ ತುಂಬೋ ನಲ್ಲಿ ಗಂಟೆಗೆ ಎಷ್ಟು ಕೊಡ ಬಿಡತ್ತೆ?"

"ನಾಲ್ಕು."

"ಇನ್ನೊಂದು?"

"ಎರಡು. ತೂತಲ್ಲಿ ಒಂದು ಕೊಡ ಹೋಗತ್ತೆ."

"ಹಾಗಾದ್ರೆ ಗಂಟೆಗೆ ನಿಲ್ಲೋದು ಐದೇ ಕೊಡ."

ಮೂರು, ಆರು, ಹನ್ನೆರಡು, ಈ ಮೂರೂ ಸಂಖ್ಯೆಗಳಿಂದ ನಿಶ್ಶೇಷವಾಗಿ ಭಾಗವಾಗುವ ಸಂಖ್ಯೆ ಬೇಕು ಅಂತ ಅಮ್ಮನಿಗೆ ಹೇಗೆ ಹೊಳೆಯಿತೋ. ಅಂಥ ಸಂಖ್ಯೆಗಳಲ್ಲಿ ಅತಿ ಚಿಕ್ಕದನ್ನೇ ಶಾಲೆಯಲ್ಲಿ ಲ.ಸಾ.ಅ. ಅಂತಾರೆ. ನಾನು ಮೂರರಲ್ಲೊಂದು, ಆರರಲ್ಲೊಂದು ಅಂತ ಭಿನ್ನರಾಶಿ ಬರೆಯಲು ಹೊರಟಿದ್ದೆ. ಬರುವ ಉತ್ತರ ಅದೇ, ಆದರೆ ಮಗನ ಕಣ್ಣಿಗೆ ಕಾಣುವುದು ಕೊಡ.

ಹನ್ನೆರಡನ್ನು ಐದರಿಂದ ಭಾಗಿಸಿದರೆ 2.4. ಇವನು 2 ಗಂಟೆ 40 ನಿಮಿಷ ಅಂತ ಬರೆದ. "ಎರಡು ಗಂಟೇಲಿ ಹತ್ತು ಕೊಡ ಆಯ್ತು. ಮಿಕ್ಕ ಎರಡು ಕೊಡಕ್ಕೆ?" ಅಂದರು ಅಮ್ಮ. ಗಂಟೆಗೆ ಐದು ಕೊಡ ಅಂದರೆ ಕೊಡವೊಂದಕ್ಕೆ 12 ನಿಮಿಷ. ಎರಡಕ್ಕೆ 24. ಉತ್ತರ 2 ಗಂಟೆ 24 ನಿಮಿಷ.

"ತೂತಲ್ಲಿ ಆರು ಕೊಡ ಹೋದ್ರೆ ಅಜ್ಜಿ?"

"ನಲ್ಲಿ ನಿಲ್ಸಿ ಮಲಗು."

ಇಷ್ಟಕ್ಕೇ ಮುಗಿದಿದ್ದರೆ ಬರೆಯುತ್ತಿರಲಿಲ್ಲ. ನಮ್ಮ ಮನೆಯ ಸಾವಿರ ಲೀಟರಿನ ಟ್ಯಾಂಕು ಒಂದು ಗಂಟೆಯಲ್ಲಿ ತುಂಬುತ್ತಿದ್ದದ್ದು, ಒಂದು ವಾರದಿಂದ ಒಂದೂಕಾಲು ಗಂಟೆ ತೆಗೆದುಕೊಳ್ಳುತ್ತಿತ್ತು. ಪ್ಲಂಬರ್ ಸಂಪಿನ ಮುಚ್ಚಳವನ್ನೂ ತೆಗೆಯದೆ "ಮೋಟಾರ್ ಹೋಗಿದೆ ಮೇಡಂ, ಹೊಸದು ಹಾಕ್ಸಿ" ಅಂದಿದ್ದ. ನಮ್ಮೆಜಮಾನರು ಸಂಜೆಯೆಲ್ಲ ಫೋನಿನಲ್ಲಿ ಹೊಸ ಮೋಟಾರಿನ ರೇಟು ನೋಡುತ್ತಿದ್ದರು. ಖರ್ಚು ಮಾಡುವ ನೆಪ ಸಿಕ್ಕರೆ ಅವರಿಗೆ ಹಬ್ಬ.

ಕೊಡದ ಲೆಕ್ಕವನ್ನೇ ಹಾಕಿದೆ. ಒಂದೂಕಾಲು ಗಂಟೆಗೆ ಸಾವಿರ ಅಂದರೆ ಗಂಟೆಗೆ 800 ಲೀಟರ್. ಮೊದಲು ಸಾವಿರ ಬರುತ್ತಿತ್ತು. ಮೋಟಾರು ಸರಿಯಿದ್ದರೆ ಗಂಟೆಗೆ 200 ಲೀಟರ್ ಎಲ್ಲೋ ಸೋರುತ್ತಿರಬೇಕು. ಎಷ್ಟು ಅನ್ನೋದನ್ನು ಲೆಕ್ಕ ಹೇಳುತ್ತೆ, ಎಲ್ಲಿ ಅನ್ನೋದನ್ನು ಹೇಳಲ್ಲ. ಅದಕ್ಕೇ ರಾತ್ರಿ ಟ್ಯಾಂಕ್ ತುಂಬಿಸಿ, ಮೋಟಾರ್ ನಿಲ್ಲಿಸಿ, ಯಾರೂ ನಲ್ಲಿ ಮುಟ್ಟಬೇಡಿ ಅಂತ ಹೇಳಿ ಒಂದು ಗಂಟೆ ಬಿಟ್ಟು ಹತ್ತಿ ನೋಡಿದೆ. ನೀರು ಬೆರಳಗಲವೂ ಇಳಿದಿರಲಿಲ್ಲ. ಅಲ್ಲಿಗೆ ಟ್ಯಾಂಕು, ಕೆಳಗಿನ ನಲ್ಲಿಗಳು, ಫ್ಲಶ್ಶು ಎಲ್ಲ ನಿರಪರಾಧಿಗಳು. ಸೋರಿಕೆ ಇದ್ದರೆ ಮೋಟಾರ್ ಓಡುವಾಗ ಮಾತ್ರ, ನೀರು ಟ್ಯಾಂಕು ಮುಟ್ಟುವ ಮೊದಲೇ. ಆದರೆ ಗೋಡೆ, ಅಂಗಳ ಎಲ್ಲೂ ಒದ್ದೆಯಿಲ್ಲ.

ಬುಧವಾರ ಬೆಳಿಗ್ಗೆ ಮೋಟಾರ್ ಹಾಕಿ ಸಂಪಿನ ಮುಚ್ಚಳ ಎತ್ತಿದೆವು. ಒಳಗೆ ಜೋರು ಮಳೆ ಬಿದ್ದ ಹಾಗೆ ಸದ್ದು. ನೀರೊಳಗಿನ ಮೋಟಾರಿನಿಂದ ಮೇಲೆ ಬರುವ ಪೈಪಿನ ಜಾಯಿಂಟಲ್ಲಿ ಕ್ಲಿಪ್ಪು ತುಕ್ಕು ಹಿಡಿದು ಸಡಿಲವಾಗಿ, ನೀರು ಬೀಸಣಿಗೆಯ ಹಾಗೆ ಚಿಮ್ಮಿ ಮತ್ತೆ ಸಂಪಿಗೇ ಬೀಳುತ್ತಿತ್ತು. ಒಂದು ಹನಿಯೂ ಪೋಲಾಗಿರಲಿಲ್ಲ, ಹೋಗುತ್ತಿದ್ದದ್ದು ಕರೆಂಟು.

ತಮಾಷೆ ಏನೆಂದರೆ, ಪುಸ್ತಕದ ತೂತೇ ಸುಳ್ಳು. ತೊಟ್ಟಿಯ ತಳದ ತೂತಲ್ಲಿ ನೀರು ತುಂಬಿದ್ದಾಗ ರಭಸವಾಗಿ, ಮಟ್ಟ ಇಳಿದ ಹಾಗೆ ನಿಧಾನವಾಗಿ ಹೋಗುತ್ತದೆ. ಗಂಟೆಗೊಂದೇ ಕೊಡ ಅಂತ ಶಿಸ್ತಾಗಿ ಸೋರಲ್ಲ. ನಮ್ಮ ಕ್ಲಿಪ್ಪಿನದು ಮಾತ್ರ ಮೋಟಾರ್ ಓಡುವಷ್ಟು ಹೊತ್ತು ಹೆಚ್ಚುಕಡಿಮೆ ಒಂದೇ ಸಮ. ಪುಸ್ತಕದ ಸೋರಿಕೆ ಸಿಕ್ಕಿದ್ದು ಸಂಪಿನೊಳಗೆ.

ಹೊಸ ಕ್ಲಿಪ್ಪು ಹಾಕಿಸಿದ ಮೇಲೆ ಇವತ್ತು ಟ್ಯಾಂಕ್ ತುಂಬಲು 61 ನಿಮಿಷ ಹಿಡಿಯಿತು. ಮಗ ಗಡಿಯಾರ ಹಿಡಿದು ಕೂತಿದ್ದ. ಆ ಒಂದು ನಿಮಿಷ ಎಲ್ಲಿ ಹೋಯ್ತು ಅಂತ ಅಜ್ಜಿಯನ್ನು ಕೇಳುತ್ತಿದ್ದಾನೆ.