ದೋಟಿ ಮಾರುವ ಹುಡುಗರಿಗೆ ಬ್ಯಾಟಲ್ ಕಾರ್ಡ್: ಇಲ್ಲಿವರೆಗಿನ ಕೆಲಸ

ನಮ್ಮದು ಶಿವಮೊಗ್ಗದ ಸಣ್ಣ ಅಂಗಡಿ. ಅಡಿಕೆ ಕೊನೆ ತೆಗೆಯೋಕೆ, ಔಷಧಿ ಹೊಡೆಯೋಕೆ ನೆಲದಲ್ಲೇ ನಿಂತು ಎತ್ತುವ ಉದ್ದನೆ ಕೋಲು, ಅಂದರೆ ಕಾರ್ಬನ್ ಫೈಬರ್ ದೋಟಿ ಮಾರುತ್ತೇವೆ. ತೀರ್ಥಹಳ್ಳಿ, ಸಾಗರ, ಹೊಸನಗರ ಕಡೆ ಹೋಗುವ ಹುಡುಗರ ಕೈಗೆ ಒಂದೊಂದು ಕಾರ್ಡ್ ಕೊಡಬೇಕು ಅಂತ ಮಳೆಗಾಲಕ್ಕೆ ಮೊದಲೇ ಈ ಕೆಲಸ ಹಿಡಿದಿದ್ದೆ. ಪ್ರತಿ ಎದುರಾಳಿಗೆ ಒಂದು ಹಾಳೆ, ಅದೂ ಒಂದೇ ಬದಿ. ಅವರು ಎಲ್ಲಿ ಗೆಲ್ಲುತ್ತಾರೆ, ನಾವು ಎಲ್ಲಿ ಗೆಲ್ಲುತ್ತೇವೆ, ಗಿರಾಕಿ ಹೋಲಿಸಿ ಕೇಳಿದಾಗ ಏನು ಹೇಳಬೇಕು. ಅಷ್ಟೇ.

ಎದುರಾಳಿ ಯಾರು?

ಹುಡುಗರು ಕೊಟ್ಟ ಪಟ್ಟಿಯಲ್ಲಿ ಬರೀ ಬೇರೆ ಕಂಪನಿಗಳ ಹೆಸರಿದ್ದವು. ನಮ್ಮಲ್ಲಿ ವಿಚಾರಿಸಿ ಕೊನೆಗೆ ತಗೊಳ್ಳದೇ ಇದ್ದವರಿಗೆ ಫೋನ್ ಮಾಡಿದೆ. ಹೆಚ್ಚಿನವರು ಯಾವ ದೋಟಿಯನ್ನೂ ತಗೊಂಡಿರಲಿಲ್ಲ. "ಕೊನೆಗೌಡ ಬರ್ತೀನಿ ಅಂದಿದ್ದಾನೆ ಮಾರಾಯ್ರೆ, ಈ ವರ್ಷ ನಡೀತದೆ" ಅಂದರು. ಹಾಗಾಗಿ ಮೊದಲ ಕಾರ್ಡ್ ಮರ ಹತ್ತಿ ಕೊನೆ ತೆಗೆಯುವ ಕೊನೆಗೌಡರದ್ದೇ ಆಯಿತು. ಎರಡನೆಯದು ಅಲ್ಯೂಮಿನಿಯಂ ದೋಟಿಯದ್ದು.

ಕೊನೆಗೌಡನ ಕಾರ್ಡ್

"ಅವರು ಎಲ್ಲಿ ಮೇಲು" ಅನ್ನೋ ಜಾಗದಲ್ಲಿ ಹುಡುಗರು ಏನೂ ಬರೆದಿರಲಿಲ್ಲ. ಬರೆಯೋಕೆ ಬೇಕಾದಷ್ಟಿದೆ. ಹತ್ತಿದವನು ಕೊನೆಯನ್ನು ಹತ್ತಿರದಿಂದ ನೋಡುತ್ತಾನೆ, ಹದ ಗೊತ್ತಾಗುತ್ತದೆ. ನೆಲದಲ್ಲಿ ನಿಂತು ಆಕಾಶದ ಬೆಳಕಿಗೆ ಎದುರಾಗಿ ನೋಡುವವನಿಗೆ ಅದು ಕಷ್ಟ. ಕೊಳೆ ರೋಗ ಬರದಂತೆ ಕೊನೆಗೆ ಪ್ಲಾಸ್ಟಿಕ್ ಕೊಟ್ಟೆ ಕಟ್ಟೋದು ದೋಟಿಯಲ್ಲಿ ಆಗುವ ಕೆಲಸವೇ ಅಲ್ಲ. ಇವೆರಡನ್ನೂ ಮೇಲೇ ಬರೆದೆ. ಕೊಟ್ಟೆ ಕಟ್ಟಿಸುವ ತೋಟದವರಿಗೆ "ಆ ಕೆಲಸಕ್ಕೆ ಅವನೇ ಬೇಕು, ಔಷಧಿಗೆ ಮಾತ್ರ ದೋಟಿ ನೋಡಿ" ಅಂತ ಹೇಳಬೇಕು.

ನಮ್ಮ ಬಲ ಇರೋದು ಸಮಯದಲ್ಲಿ. ಕೊಳೆ ರೋಗದ ಬೋರ್ಡೋ ಔಷಧಿ, ಮಳೆ ಹಿಡಿಯೋ ಮೊದಲು ಒಮ್ಮೆ, ಆಮೇಲೆ 30ರಿಂದ 45 ದಿನಕ್ಕೆ ಇನ್ನೊಮ್ಮೆ ಬೀಳಬೇಕು. ಆ ಎರಡನೇ ಸಲಕ್ಕೆ ಮರ ಜಾರುತ್ತಿರುತ್ತದೆ, ಜನ ಸಿಗೋದಿಲ್ಲ. ಅದಕ್ಕೇ ಕಾರ್ಡಿನಲ್ಲಿ ವಾದ ಬರೆಯದೆ ಒಂದು ಪ್ರಶ್ನೆ ಬರೆದೆ: "ಹೋದ ವರ್ಷ ಎರಡನೇ ಔಷಧಿ ಯಾವಾಗ ಬಿತ್ತು ಗೌಡ್ರೇ?" ಸರಿಯಾದ ಹೊತ್ತಿಗೆ ಬಿದ್ದಿದ್ದರೆ ಅವರಿಗೆ ಈಗ ನಮ್ಮ ಅಗತ್ಯ ಇಲ್ಲ. ಮುಂದಿನ ತೋಟಕ್ಕೆ ಹೋಗೋದು.

ಅಲ್ಯೂಮಿನಿಯಂ ಕಾರ್ಡ್

ಇದಕ್ಕೇ ಜಾಸ್ತಿ ಹೊತ್ತು ಹಿಡಿಯಿತು. "ಅದು ಕಡಿಮೆ ಬೆಲೆಗೆ ಸಿಗುತ್ತಲ್ಲ, ನಿಮ್ಮದು ಯಾಕೆ?" ಅನ್ನೋದು ಎಲ್ಲರ ಪ್ರಶ್ನೆ. ನಮ್ಮ ಹುಡುಗರ ಉತ್ತರ "ಹಗುರ ಸಾರ್" ಅಂತ ಅಲ್ಲಿಗೇ ನಿಲ್ಲುತ್ತಿತ್ತು.

ಒಂದು ಅಲ್ಯೂಮಿನಿಯಂ ದೋಟಿ ತರಿಸಿ, ನಮ್ಮದನ್ನೂ ಅಷ್ಟೇ ಉದ್ದಕ್ಕೆ ಜೋಡಿಸಿ, ಒಂದೇ ತಕ್ಕಡಿಯಲ್ಲಿ ತೂಗಿದೆವು. ಕ್ಯಾಟಲಾಗಿನ ತೂಕವನ್ನು ಕಾರ್ಡಿಗೆ ಹಾಕಬಾರದು, ನಮ್ಮದನ್ನೂ ಸೇರಿಸಿ. ಅದು ಬರೀ ಕೋಲಿನ ತೂಕ. ಔಷಧಿ ಹೊಡೆಯುವಾಗ ಪೈಪೂ ಇರುತ್ತದೆ, ಒಳಗೆ ದ್ರಾವಣವೂ ಇರುತ್ತದೆ. 8 ಮಿಲಿಮೀಟರ್ ಒಳಅಗಲದ ಪೈಪು 60 ಅಡಿ ಇದ್ದರೆ, ತುಂಬಿದ ದ್ರಾವಣವೇ ಸುಮಾರು 900 ಗ್ರಾಂ. ಅದು ಎರಡೂ ದೋಟಿಗೆ ಸಮ. ಅಂಗಡಿಯಲ್ಲಿ ಖಾಲಿ ಕೋಲು ಎತ್ತಿ ನೋಡಿದವನು ತೋಟದಲ್ಲಿ "ಇಷ್ಟು ಭಾರ ಅಂತ ಹೇಳಿರಲಿಲ್ಲ" ಅಂದರೆ ತಪ್ಪು ಅವನದ್ದಲ್ಲ.

ಈಗಿನ ಕಾರ್ಡ್ ಮರದ ಎತ್ತರ ಕೇಳೋದರಿಂದ ಶುರುವಾಗುತ್ತದೆ. 30 ಅಡಿಯೊಳಗಿನ ಎಳೆ ತೋಟವಾದರೆ ಉತ್ತರ ಹೀಗಿದೆ: "ಸದ್ಯಕ್ಕೆ ಅಲ್ಯೂಮಿನಿಯಂ ಸಾಕು, ದುಡ್ಡು ಉಳಿಸಿ." 50 ಅಡಿ ದಾಟಿದ ಹಳೇ ತೋಟವಾದರೆ ಬಾಯಲ್ಲಿ ಹೇಳೋದು ಬೇಡ, ಅವರ ಕೈಲೇ ಎತ್ತಿಸಬೇಕು. ಅಷ್ಟು ಉದ್ದಕ್ಕೆ ಅಲ್ಯೂಮಿನಿಯಂ ಬಾಗುತ್ತದೆ, ತುದಿ ಕೊನೆಯ ಮೇಲೆ ನಿಲ್ಲದೆ ಓಲಾಡುತ್ತದೆ.

ನಮ್ಮ ಕುಂದೂ ಅದೇ ಹಾಳೆಯಲ್ಲಿದೆ. ಅಲ್ಯೂಮಿನಿಯಂ ಬಿದ್ದರೆ ಡೊಂಕಾಗುತ್ತದೆ, ಒಂದಿಷ್ಟು ನೆಟ್ಟಗೆ ಮಾಡಿ ಓಡಿಸಬಹುದು. ಕಾರ್ಬನ್ನಿಗೆ ಪಕ್ಕದಿಂದ ಕಲ್ಲಿನ ಪೆಟ್ಟು ಬಿದ್ದರೆ ಸೀಳುತ್ತದೆ. ಸೀಳಿದರೆ ಆ ಕೊಳವೆಯನ್ನೇ ಬದಲಿಸಬೇಕು. ಕೊಳವೆಯ ಬೆಲೆಯನ್ನು ಮಾರುವ ಮೊದಲೇ ಹೇಳಿ ಅಂತ ದಪ್ಪಕ್ಷರದಲ್ಲಿ ಹಾಕಿದೆ. ಮಾಲೀಕರಿಗೆ ಇದು ಸರಿ ಬರಲಿಲ್ಲ. "ನಮ್ಮ ಮಾಲನ್ನ ನಾವೇ ಬೈಕೊಳ್ಳೋದಾ?" ಅಂದರು. ತೆಗೆಯಲಿಲ್ಲ ನಾನು.

ಕೆಂಪು ಅಕ್ಷರದ ಸಾಲು ಒಂದೇ. "ಇದು ಕಬ್ಬಿಣ ಅಲ್ಲ, ಶಾಕ್ ಹೊಡೆಯಲ್ಲ ಅಲ್ವಾ?" ಅಂತ ಕೇಳುವವರಿದ್ದಾರೆ. ಹೊಡೆಯುತ್ತದೆ. ಕಾರ್ಬನ್ ಫೈಬರಿನಲ್ಲೂ ಕರೆಂಟ್ ಹರಿಯುತ್ತದೆ, ಅಲ್ಯೂಮಿನಿಯಂನಲ್ಲೂ ಹರಿಯುತ್ತದೆ. ತೋಟದ ಮೇಲೆ ತಂತಿ ಇದ್ದರೆ ಮೆಸ್ಕಾಂನವರಿಗೆ ಹೇಳಿ ಲೈನ್ ಆಫ್ ಮಾಡಿಸದೆ ಆ ಸಾಲಿಗೆ ಯಾವ ದೋಟಿಯನ್ನೂ ಎತ್ತಬಾರದು. ಇದರಲ್ಲಿ ನಾವು ಮೇಲು, ಅವರು ಕೆಳಗೆ ಅನ್ನೋ ಮಾತೇ ಇಲ್ಲ.

ತೆಗೆದು ಹಾಕಿದ್ದು

"ಅವರ ಸರ್ವಿಸ್ ಸರಿ ಇಲ್ಲ" ಅನ್ನೋ ಸಾಲು ಹೋಯಿತು. ಯಾರು ನೋಡಿದ್ದು, ಯಾವಾಗ ಅಂತ ಕೇಳಿದರೆ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಈಗ ಪ್ರತಿ ಸಾಲಿನ ಪಕ್ಕ ನೋಡಿದವರ ಹೆಸರು, ತಿಂಗಳು ಇರಲೇಬೇಕು. ಎದುರಾಳಿಯ ಬೆಲೆ ಬೇಗ ಹಳಸುವುದರಿಂದ ಅಚ್ಚಿನಲ್ಲಿ ಇಲ್ಲ, ಪೆನ್ಸಿಲ್‌ನಲ್ಲಿ ಬರೆಯೋಕೆ ಜಾಗ ಬಿಟ್ಟಿದ್ದೇನೆ.

ಮರ ಹತ್ತುವ ಬೈಕಿನ ಕಾರ್ಡ್ ಬಾಕಿ ಇದೆ. ಒದ್ದೆ ಮರದ ಮೇಲೆ ಅದು ಹೇಗೆ ಹಿಡಿಯುತ್ತದೆ ಅಂತ ನಾವೇ ಓಡಿಸಿ ನೋಡೋವರೆಗೆ ಆ ಹಾಳೆ ಖಾಲಿ.