ಎರಡು ಗೀರುಗಳ ಬ್ರೆಡ್ಡು

ಹೊಸದಾಗಿ ಸಣ್ಣ ಬೇಕರಿ ತೆರೆಯಲಿದ್ದ ಗೆಳತಿಯೊಬ್ಬರು ಲೋಗೋ ಮಾಡಿಕೊಡಿ ಎಂದು ಕೇಳಿದಾಗ, ಚಿತ್ರ ಬರೆಯುವ ಮೊದಲು ಅದರ ಕಲ್ಪನೆಯನ್ನು ನಾಲ್ಕು ಸಾಲಿನಲ್ಲಿ ಬರೆದು ಕಳಿಸಿದೆ. ‘ಬೆಚ್ಚಗಿನ ಭಾವದ, ಸರಳವಾದ ಒಂದು ಬ್ರೆಡ್ಡು’ ಎಂದು ಅದು ಶುರುವಾಗುತ್ತಿತ್ತು. ಅವರು ಅದನ್ನು ಸಹಾಯಕ ಹುಡುಗನಿಗೆ ಓದಿ ಹೇಳಿ, ಅವನು ಗೀಚಿದ ಚಿತ್ರದ ಫೋಟೋ ಕಳಿಸಿದರು. ಬ್ರೆಡ್ಡಿನ ಮೇಲೆ ಹಬೆಯ ಮೂರು ಸುರುಳಿ, ಪಕ್ಕದಲ್ಲಿ ಗೋಧಿಯ ತೆನೆ, ಸುತ್ತ ಒಂದು ವೃತ್ತ. ತಪ್ಪು ಅವನದಲ್ಲ. ‘ಬೆಚ್ಚಗೆ’ ಎಂದರೆ ಹಬೆಯನ್ನಲ್ಲದೆ ಬೇರೇನನ್ನು ಬರೆಯಬೇಕು?

ಆ ಸಂಜೆ ಭಾವದ ಮಾತುಗಳನ್ನೆಲ್ಲ ಹೊಡೆದುಹಾಕಿ, ಲೋಗೋ ಎಲ್ಲೆಲ್ಲಿ ಬದುಕಬೇಕು ಎಂಬುದರಿಂದ ಶುರು ಮಾಡಿದೆ. ಅವರಿಗೆ ಬೇಕಿದ್ದುದು ಎರಡೇ ಕಡೆ. ಒಂದು, ಕಂದು ಕಾಗದದ ಚೀಲದ ಮೇಲೆ ರಬ್ಬರ್ ಮೊಹರಿನಿಂದ ಒತ್ತುವ, 24 ಮಿಲಿಮೀಟರ್ ಅಗಲದ ಗುರುತು. ಇನ್ನೊಂದು, ವೆಬ್‌ಸೈಟ್ ತೆರೆದಾಗ ಬ್ರೌಸರಿನ ಮೇಲಂಚಿನಲ್ಲಿ ಕಾಣುವ, 16 ಪಿಕ್ಸೆಲ್ ಅಗಲದ ಚಿಕ್ಕ ಚಿತ್ರ. ಈ ಎರಡು ಜಾಗಗಳೇ ನನ್ನ ಮಿತಿಗಳನ್ನು ಗೊತ್ತುಮಾಡಿದವು: ಒಂದೇ ಆಕಾರ, ಒಂದೇ ಶಾಯಿ, ಅಕ್ಷರವಿಲ್ಲ.

ಮೊದಲು ಬರೆದದ್ದು ಮೊಟ್ಟೆಯಾಕಾರ, ನಡುವೆ ಒಂದು ಬಾಗಿದ ಗೀರು. ಬೇಯಿಸುವ ಮುನ್ನ ಹಿಟ್ಟಿನ ಮುದ್ದೆಯ ಮೇಲೆ ಬ್ಲೇಡಿನಿಂದ ಎಳೆಯುತ್ತಾರಲ್ಲ, ಒಲೆಯಲ್ಲಿ ಉಬ್ಬುವಾಗ ಅಲ್ಲೇ ಬಾಯಿ ಬಿಡಲಿ ಎಂದು, ಆ ಗೀರು. ನನಗೆ ಬಹಳ ಹಿಡಿಸಿತ್ತು. ಗೆಳತಿ ಒಂದು ಕ್ಷಣ ನೋಡಿ, “ಇದು ಕಾಫಿ ಬೀಜ ಅಲ್ಲವೇ?” ಎಂದರು. ಹಾಗೆ ಕಂಡ ಮೇಲೆ ನನಗೂ ಬೇರೆ ಏನೂ ಕಾಣಲಿಲ್ಲ.

ಮಿತಿ ಮುರಿಯದೆ ಅದನ್ನು ಬ್ರೆಡ್ಡು ಮಾಡುವುದು ಹೇಗೆ? ತಳವನ್ನು ಚಪ್ಪಟೆ ಮಾಡಿದೆ. ಬ್ರೆಡ್ಡು ತಟ್ಟೆಯ ಮೇಲೆ ಕೂತು ಬೇಯುತ್ತದೆ, ಗೀರು ಕಾಣುವಂತೆ ಬರೆದ ಬೀಜಕ್ಕೆ ಹಾಗೆ ಕೂರುವ ತಳವಿಲ್ಲ. ಅರ್ಧಕ್ಕಿಂತ ಹೆಚ್ಚಿನ ಕೆಲಸ ಅಲ್ಲಿಗೇ ಆಯಿತು. ಉಳಿದದ್ದು ಗೀರುಗಳ ಲೆಕ್ಕ. ಮೂರು ಓರೆ ಗೀರು ಹಾಕಿದರೆ ಚಂದ ಎಂದು ಆಸೆಯಿತ್ತು. ಆದರೆ 16 ಪಿಕ್ಸೆಲ್‌ನಲ್ಲಿ ಗೀರು ಬಿಳಿಯಾಗಿ ಕಾಣಲು ಕನಿಷ್ಠ 2 ಪಿಕ್ಸೆಲ್ ಬೇಕು, ಏಕೆಂದರೆ ಓರೆ ಗೆರೆಯ ಅಂಚು ಹೇಗಿದ್ದರೂ ಬೂದುಬಣ್ಣಕ್ಕೆ ತಿರುಗುತ್ತದೆ. ಮೂರು ಗೀರಿಗೆ 6 ಪಿಕ್ಸೆಲ್ ಹೋದರೆ ಉಳಿಯುವ 10ರಲ್ಲಿ ನಾಲ್ಕು ತುಂಡುಗಳು, ಒಂದೊಂದು ಎರಡೂವರೆ. ಅದು ಬ್ರೆಡ್ಡಲ್ಲ, ಪಟ್ಟೆ. ಎರಡು ಗೀರಾದರೆ 4, 2, 4, 2, 4 ಎಂದು ಹದಿನಾರೂ ಸರಿಯಾಗಿ ಹಂಚಿಹೋಗುತ್ತದೆ. ಅದೇ ಅಳತೆ ಮೊಹರಿನಲ್ಲಿ 6, 3, 6, 3, 6 ಮಿಲಿಮೀಟರ್. ಆ ರಾತ್ರಿ ಈ ಲೆಕ್ಕ ಕೂಡಿಬಂದಾಗ ಆದ ಸಂತೋಷ ದೊಡ್ಡದು.

ಮೊದಲ ಮೊಹರು ಮಾಡಿಸಿ ಒತ್ತಿದಾಗ ಇನ್ನೊಂದು ಕೊರತೆ ಕಂಡಿತು. ಗೀರಿನ ಕೆಳತುದಿಯನ್ನು ನಾನು ಚೂಪಾಗಿ ಬಿಟ್ಟಿದ್ದೆ. ಹತ್ತಾರು ಸಲ ಒತ್ತುವಷ್ಟರಲ್ಲಿ ಆ ಮೂಲೆಯಲ್ಲಿ ಶಾಯಿ ನಿಂತು, ಗೀರು ಕೆಳಗಿನಿಂದ ಗಿಡ್ಡವಾಗುತ್ತಾ ಬಂತು. ತುದಿಯನ್ನು ದುಂಡಾಗಿಸಿದೆ, ಮೇಲ್ತುದಿ ಬ್ರೆಡ್ಡಿನ ಅಂಚನ್ನು ದಾಟಿ ತೆರೆದುಕೊಳ್ಳುವಂತೆ ಮಾಡಿದೆ. ಆಮೇಲೆ ತುಂಬಿಕೊಳ್ಳಲಿಲ್ಲ.

ಬಣ್ಣದ ವಿಷಯದಲ್ಲಿ ಮಾತ್ರ ನಮ್ಮಿಬ್ಬರಿಗೆ ಜಗ್ಗಾಟ ನಡೆಯಿತು. ಅವರಿಗೆ ಬಿಸ್ಕತ್ತಿನಂಥ ತಿಳಿಗಂದು ಇಷ್ಟ, ಪರದೆಯ ಮೇಲೆ ಅದು ಚೆನ್ನಾಗಿಯೇ ಇತ್ತು. ಆದರೆ ಮೊಹರಿನ ಶಾಯಿಯ ಕೆಳಗಿನಿಂದ ಕಾಗದದ ಬಣ್ಣ ಇಣುಕುತ್ತದೆ, ಕಂದು ಚೀಲದ ಮೇಲೆ ತಿಳಿಗಂದು ಕರಗಿಹೋಗುತ್ತದೆ. ವಾದ ಮಾಡುವ ಬದಲು, ಒತ್ತಿದ ಚೀಲದ ಫೋಟೋ ತೆಗೆದು ಕಪ್ಪು-ಬಿಳುಪಿಗೆ ತಿರುಗಿಸಿ ತೋರಿಸಿದೆ. ಚೀಲವೂ ಬ್ರೆಡ್ಡೂ ಒಂದೇ ಬೂದು. ಹೆಚ್ಚು ಹೊತ್ತು ಬೆಂದ ಹೊರಪದರದ ಕಡುಗಂದಿಗೆ ಅವರು ಒಪ್ಪಿದರು. ಎರಡನೆಯ ಬಣ್ಣ ಬೇಕಾಗಲಿಲ್ಲ, ಗೀರುಗಳಲ್ಲಿ ಕಾಣುವ ಕಾಗದವೇ ಆ ಕೆಲಸ ಮಾಡುತ್ತದೆ.

ಕೊನೆಗೆ ವಿವರಣೆಯನ್ನು ಹೊಸದಾಗಿ ಬರೆದೆ: ‘ತಳ ಚಪ್ಪಟೆ, ಮೇಲ್ಭಾಗ ಗುಮ್ಮಟದಂತೆ ದುಂಡು. ಬಲಕ್ಕೆ ವಾಲಿದ ಎರಡು ಗೀರು, ಒಂದೊಂದರ ಅಗಲ ಒಟ್ಟು ಅಗಲದ ಎಂಟನೆಯ ಒಂದು ಭಾಗ. ಗೀರು ಮೇಲಂಚಿನಿಂದ ಹೊರಟು ಎತ್ತರದ ಮೂರನೆಯ ಎರಡು ಭಾಗದಲ್ಲಿ ದುಂಡಾಗಿ ನಿಲ್ಲಬೇಕು. ಒಳಗೆಲ್ಲ ಕಡುಗಂದು. ಗೆರೆ, ನೆರಳು, ಚೌಕಟ್ಟು, ಅಕ್ಷರ ಇಲ್ಲ.’

ಗೆಳತಿ ಅದನ್ನು ಅದೇ ಹುಡುಗನಿಗೆ ಓದಿದರು. ಈ ಸಲ ಬಂದ ಫೋಟೋದಲ್ಲಿ, ಬಿಲ್ ಪುಸ್ತಕದ ಹಿಂಬದಿಯಲ್ಲಿ, ಬಾಲ್‌ಪೆನ್ನಿನಿಂದ ತುಂಬಿದ ಒಂದು ಬ್ರೆಡ್ಡು ಇತ್ತು. ಗೀರುಗಳು ಸ್ವಲ್ಪ ಎಡಕ್ಕೆ ಸರಿದಿದ್ದವು, ಅಷ್ಟೇ. ಹಬೆ ಇರಲಿಲ್ಲ.