ತಿಮ್ಮನಿಗೆ ಎಷ್ಟು ಅಂಗಳ ಬೇಕು?

ಕಾಫಿ ತೋಟದ ಮನೆಯಲ್ಲಿ ಬೆಕ್ಕನ್ನು ಹೊಸಿಲು ದಾಟಿಸದೆ ಸಾಕುತ್ತೇವೆ ಎಂದರೆ ನಮ್ಮ ಸುಂಟಿಕೊಪ್ಪದ ಕಡೆ ನಗುತ್ತಾರೆ. ಇಲ್ಲಿ ಬೆಕ್ಕು ಇರುವುದೇ ಗೋದಾಮಿನ ಇಲಿ ಹಿಡಿಯಲು. ರಾತ್ರಿ ಎಲ್ಲಿ ಹೋಗುತ್ತದೆ, ಬೆಳಿಗ್ಗೆ ಎಲ್ಲಿಂದ ಬರುತ್ತದೆ ಎಂದು ಯಾರೂ ವಿಚಾರಿಸುವುದಿಲ್ಲ. ಒಂದು ದಿನ ಬರುವುದಿಲ್ಲ, ಅಷ್ಟೇ. ನಮ್ಮ ಹಿಂದಿನ ಬೆಕ್ಕೂ ಹಾಗೆಯೇ ಬಾರದೆ ಹೋಯಿತು. ಆ ವಾರ ತೊರೆಯ ಬದಿಯ ಕೆಸರಿನಲ್ಲಿ ಚಿರತೆಯ ಹೆಜ್ಜೆ ಮೂಡಿದ್ದನ್ನು ತೋಟದ ಕೆಲಸ ನೋಡಿಕೊಳ್ಳುವ ರೈಟರು ತೋರಿಸಿದರು. ಆದ್ದರಿಂದ ಹಳದಿ ಪಟ್ಟೆಯ ತಿಮ್ಮ ಮನೆಗೆ ಬಂದಾಗ ಅವನನ್ನು ಒಳಗೇ ಸಾಕುವುದೆಂದು ನಾನು ಹಟ ಹಿಡಿದೆ. ಲಸಿಕೆ ಹಾಕಿಸಿದೆ, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದೆ. ತಿಮ್ಮ ಉಂಡು, ಮಲಗಿ, ಕಿಟಕಿಯಲ್ಲಿ ಕುಳಿತು ದುಂಡಗಾದ.

"ಪ್ರಾಣಿಯನ್ನು ಪಟದ ಹಾಗೆ ಗೋಡೆಗೆ ಒರಗಿಸಿ ಇಟ್ಟಿದ್ದೀಯಲ್ಲ" ಎಂದು ಅತ್ತೆ ಆಗಾಗ ಹೇಳುತ್ತಿದ್ದರು.

ಕಳೆದ ಜುಲೈನಲ್ಲಿ, ಮಳೆ ಬಿಡುವು ಕೊಡದೆ ಸುರಿಯುತ್ತಿದ್ದ ವಾರದಲ್ಲಿ, ತಿಮ್ಮ ಮರಳಿನ ತಟ್ಟೆಗೆ ಮೇಲಿಂದ ಮೇಲೆ ಹೋಗತೊಡಗಿದ. ಹೋಗುವುದು, ಕುಕ್ಕರಿಸುವುದು, ಬಹಳ ಹೊತ್ತು ಹಾಗೆಯೇ ಇರುವುದು, ಎದ್ದು ಬಂದು ಹಿಂಬದಿ ನೆಕ್ಕಿಕೊಳ್ಳುವುದು. ಮಲಬದ್ಧತೆ ಇರಬೇಕು ಎಂದು ಮನೆಯವರು ಅಂದರು. ಆದರೆ ನಾನು ದಿನವೂ ತಟ್ಟೆ ತೆಗೆಯುವವಳು. ಮೂತ್ರ ಹೊಯ್ದ ಜಾಗದಲ್ಲಿ ಮರಳು ಅಂಗೈಯಗಲ ಒದ್ದೆಯಾಗಿ ಗಟ್ಟಿಯಾಗುವುದು ನನಗೆ ಗೊತ್ತು. ಅಂದು ಬೆಳಿಗ್ಗೆ ಅಲ್ಲಿ ಇದ್ದದ್ದು ಒಂದು ರೂಪಾಯಿಯಷ್ಟು ಅಗಲದ ಕೆಲವು ಚುಕ್ಕೆಗಳು. ಒಂದರಲ್ಲಿ ತಿಳಿಗೆಂಪು ಬಣ್ಣ. ಮಧ್ಯಾಹ್ನದ ಹೊತ್ತಿಗೆ ಅದೂ ಇರಲಿಲ್ಲ. ಅನ್ನ ಮುಟ್ಟಲಿಲ್ಲ, ಹೊಟ್ಟೆ ಮುಟ್ಟಿದರೆ ಗುರ್ರೆಂದ.

ಗಂಡು ಬೆಕ್ಕು ಕುಕ್ಕರಿಸಿ ತಿಣುಕುತ್ತಿದ್ದು ಮೂತ್ರ ಹನಿಯೂ ಬಾರದಿದ್ದರೆ ನಾಳೆಯವರೆಗೆ ಕಾಯಬಾರದು. ಗಂಡಿನ ಮೂತ್ರನಾಳ ತುದಿಯ ಕಡೆ ತೀರಾ ಕಿರಿದು. ಲೋಳೆ ಮತ್ತು ಹರಳಿನ ಪುಡಿ ಸೇರಿ ಅಲ್ಲಿ ಬಿರಡೆ ಹಾಕಿದಂತಾಗುತ್ತದೆ, ಕೆಲವೊಮ್ಮೆ ಬರೀ ಉರಿಯೂತ ಮತ್ತು ಸೆಳೆತದಿಂದಲೇ ನಾಳ ಮುಚ್ಚಿಕೊಳ್ಳುತ್ತದೆ. ಹೊರಹೋಗಬೇಕಾದ ಪೊಟ್ಯಾಸಿಯಂ ರಕ್ತದಲ್ಲಿ ಏರಿ ಹೃದಯದ ಬಡಿತವನ್ನೇ ತಪ್ಪಿಸುತ್ತದೆ. ಒಂದೆರಡು ದಿನದಲ್ಲಿ ಪ್ರಾಣ ಹೋಗಬಹುದು. ಮಡಿಕೇರಿಯ ದಾರಿಯಲ್ಲಿ ಮಣ್ಣು ಜಾರಿ ಒಂದು ಬದಿಯಲ್ಲಷ್ಟೇ ವಾಹನ ಬಿಡುತ್ತಿದ್ದರು. ಬುಟ್ಟಿಯೊಳಗಿನಿಂದ ಬರುತ್ತಿದ್ದ ಆ ತಗ್ಗಿದ ಕೂಗನ್ನು ಕೇಳುತ್ತಾ ಸಾಲಿನಲ್ಲಿ ನಿಂತಿದ್ದೆವು.

ಡಾಕ್ಟರು ಹೊಟ್ಟೆಯ ಕೆಳಭಾಗವನ್ನು ಬೆರಳಿನಿಂದ ಒತ್ತಿ ನೋಡಿದರು. ಮೂತ್ರಕೋಶ ಕಲ್ಲಿನಂತಾಗಿತ್ತು. ಮಂಪರು ಕೊಟ್ಟು ಸಣ್ಣ ಕ್ಯಾಥೆಟರ್ ತೂರಿಸಿ ಖಾಲಿ ಮಾಡಿದರು, ಡ್ರಿಪ್ ಹಾಕಿ ಅಲ್ಲಿಯೇ ಇಟ್ಟುಕೊಂಡರು. ಎಕ್ಸ್‌ರೇಯಲ್ಲಿ ಕಲ್ಲು ಕಾಣಲಿಲ್ಲ, ಮೂತ್ರದಲ್ಲಿ ಸೋಂಕೂ ಇರಲಿಲ್ಲ. ಹಾಗಿದ್ದರೆ ಕಾರಣವೇನು ಎಂದು ಕೇಳಿದೆ. ಇಂಥ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಒಂದೇ ಕಾರಣ ಎಂದು ಬೆರಳಿಟ್ಟು ತೋರಿಸಲಾಗುವುದಿಲ್ಲ ಎಂದರು. ಹೆಚ್ಚಾಗಿ ಕಾಣುವುದು ಒಳಗೇ ಇರುವ, ತೂಕ ಮೀರಿದ, ಒಣ ಆಹಾರ ತಿಂದು ನೀರು ಕಡಿಮೆ ಕುಡಿಯುವ ಗಂಡುಗಳಲ್ಲಿ. ಮನೆಯಲ್ಲಿ ಒತ್ತಡವಿದ್ದರೆ ಮತ್ತೆ ಮತ್ತೆ ಬರುತ್ತದೆ. "ಇವನಿಗೆ ದಿನವಿಡೀ ಏನು ಕೆಲಸ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ತಿಮ್ಮ ಆಗ ಆರು ಕಿಲೋ ದಾಟಿದ್ದ.

ಮನೆಗೆ ಬಂದ ಮೇಲೆ ನಿಜವಾದ ಚರ್ಚೆ ಶುರುವಾಯಿತು. "ಹೊರಗೆ ಬಿಟ್ಟುಬಿಡು, ಓಡಾಡಿದರೆ ಎಲ್ಲ ಸರಿಹೋಗುತ್ತದೆ" ಎಂದು ಮನೆಯವರು. ಒಳಗಿನ ಬದುಕು ಅವನಿಗೆ ಒಗ್ಗುತ್ತಿಲ್ಲ ಎಂಬುದನ್ನು ನಾನು ಒಪ್ಪಿದೆ, ಬಾಗಿಲು ತೆರೆದುಬಿಡುವುದನ್ನು ಒಪ್ಪಲಿಲ್ಲ. ಚಿರತೆ ಮತ್ತು ಬೀದಿನಾಯಿಗಳ ಮಾತು ಇರಲಿ, ಅದು ಎಲ್ಲರಿಗೂ ಕಾಣುವ ಅಪಾಯ. ನನ್ನನ್ನು ಕಾಡಿದ್ದು ಕಾಣದವು.

ತೋಟದ ಕಾರ್ಮಿಕರ ಲೈನ್ ಮನೆಗಳ ಸುತ್ತ ಐದಾರು ಗಡವ ಬೆಕ್ಕುಗಳಿವೆ. ತಿಮ್ಮ ಅವುಗಳ ಎದುರು ಬಿದ್ದರೆ ಕಚ್ಚಾಟ ಖಂಡಿತ. ಬೆಕ್ಕಿನ ಕೋರೆಹಲ್ಲು ಸೂಜಿಯ ಹಾಗೆ ಆಳಕ್ಕೆ ಇಳಿಯುತ್ತದೆ. ಮೇಲಿನ ಚರ್ಮ ಬೇಗ ಕೂಡಿಕೊಂಡು ಒಳಗೆ ಕೀವು ತುಂಬುತ್ತದೆ. ಅದಕ್ಕಾದರೂ ಔಷಧವಿದೆ. ಕಚ್ಚಿದಾಗ ಜೊಲ್ಲಿನಿಂದ ದಾಟುವ, ಬೆಕ್ಕಿನ ರೋಗನಿರೋಧಕ ಶಕ್ತಿಯನ್ನೇ ಕುಗ್ಗಿಸುವ ವೈರಸ್‌ಗೆ ಇಲ್ಲ. ಒಮ್ಮೆ ಹತ್ತಿದರೆ ಬದುಕಿರುವವರೆಗೂ ಇರುತ್ತದೆ. ಪ್ರತಿ ವರ್ಷ ಹಾಕಿಸುವ ಮೂರು ರೋಗಗಳ ಲಸಿಕೆಯಲ್ಲಿ ಅದು ಸೇರಿಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದರು. ಆ ಲಸಿಕೆ ತಡೆಯುವುದು ನೆಗಡಿಯಂತಹ ಎರಡು ಕಾಯಿಲೆಗಳನ್ನು ಮತ್ತು ಮರಿಗಳನ್ನು ವಾಂತಿ ಭೇದಿಯಿಂದ ಕೊಲ್ಲುವ ಪ್ಯಾನ್‌ಲ್ಯುಕೋಪೀನಿಯಾವನ್ನು. ರೇಬಿಸ್ ಚುಚ್ಚುಮದ್ದು ಬೇರೆ, ಅದನ್ನೂ ತಪ್ಪಿಸುವಂತಿಲ್ಲ. ಲಸಿಕೆ ಆಗಿದೆ, ಇನ್ನು ಎಲ್ಲಿ ಬೇಕಾದರೂ ಸುತ್ತಲಿ ಎನ್ನುವವರು ಈ ವ್ಯತ್ಯಾಸವನ್ನು ಗಮನಿಸುವುದಿಲ್ಲ.

ಇನ್ನೊಂದು ನಮ್ಮದೇ ತೋಟದ್ದು. ಮಳೆಗಾಲಕ್ಕೆ ಮುಂಚೆ ಕಾಫಿಗೂ ಮೆಣಸಿನ ಬಳ್ಳಿಗೂ ಮೈಲುತುತ್ತ, ಸುಣ್ಣ ಸೇರಿಸಿದ ಬೋರ್ಡೋ ದ್ರಾವಣ ಹೊಡೆಯುತ್ತೇವೆ. ಕಾಂಡಕೊರಕಕ್ಕೆ ಬುಡಕ್ಕೆ ಕೀಟನಾಶಕ, ಗೋದಾಮಿನಲ್ಲಿ ಇಲಿ ಪಾಷಾಣ. ನಾಯಿಯಾದರೆ ಮೂಸಿ ಬಿಟ್ಟುಬಿಡಬಹುದು. ಬೆಕ್ಕು ತನ್ನ ಮೈಯನ್ನು ತಾನೇ ನೆಕ್ಕಿ ಶುಚಿ ಮಾಡಿಕೊಳ್ಳುವ ಪ್ರಾಣಿ; ಎಲೆಯಿಂದ ರೋಮಕ್ಕೆ ತಗುಲಿದ್ದೆಲ್ಲ ರಾತ್ರಿಯೊಳಗೆ ಹೊಟ್ಟೆಗೆ ಸೇರುತ್ತದೆ.

ಹಾಗಾಗಿ ನಡುದಾರಿ. ಮೊದಲು ಹಿಂದಿನ ಜಗಲಿಗೆ ಜಾಲರಿ. ಕೋಳಿ ಗೂಡಿನ ತೆಳು ಬಲೆ ತರಿಸಿದ್ದರು, ನಾನು ಹಿಂದಕ್ಕೆ ಕಳುಹಿಸಿದೆ. ನಾಯಿ ಹಾರಿ ಬಿದ್ದರೆ ಅದು ಹರಿಯುತ್ತದೆ. ಬೆಸುಗೆ ಹಾಕಿದ ಒಂದಿಂಚು ಚೌಕದ ಜಾಲರಿ ಹಾಕಿಸಿ ಮೇಲ್ಭಾಗವನ್ನೂ ಮುಚ್ಚಿಸಿದೆವು, ಬೆಕ್ಕು ಹತ್ತಲಾರದ ಗೋಡೆ ಇಲ್ಲವಲ್ಲ. ಒಂದಿಂಚಿನಲ್ಲಿ ಸಣ್ಣ ಹಾವು ನುಸುಳುತ್ತದೆ, ಆದ್ದರಿಂದ ಕೆಳಗಿನ ಎರಡು ಅಡಿಗೆ ಸೊಳ್ಳೆ ಪರದೆಯಷ್ಟು ಒತ್ತಾದ ಕಬ್ಬಿಣದ ಬಲೆ. ಒಳಗೆ ಎತ್ತರದಲ್ಲಿ ಎರಡು ಹಲಗೆ. ಚಿರತೆ ಮನಸ್ಸು ಮಾಡಿದರೆ ಈ ಜಾಲರಿ ತಡೆಯದು. ಬೆಳಕಿಳಿಯುವ ಮುನ್ನ ತಿಮ್ಮ ಒಳಗೆ, ಬಾಗಿಲಿಗೆ ಚಿಲಕ.

ಆಮೇಲೆ ಹಾರ್ನೆಸ್. ಕೊರಳಪಟ್ಟಿಗೆ ಹಗ್ಗ ಕಟ್ಟಿದರೆ ಬೆಕ್ಕು ಹೆದರಿ ಎಳೆದಾಗ ಕುತ್ತಿಗೆ ಬಿಗಿಯುತ್ತದೆ, ಇಲ್ಲವೇ ತಲೆ ನುಣುಚಿಕೊಳ್ಳುತ್ತದೆ. ಎದೆಯನ್ನು ಸುತ್ತುವ, ಬೆನ್ನ ಮೇಲೆ ಕೊಂಡಿಯಿರುವ ಬಟ್ಟೆಯ ಹಾರ್ನೆಸ್ ತರಿಸಿದೆ. ಪಟ್ಟಿಯ ಕೆಳಗೆ ಎರಡು ಬೆರಳು ಹೋಗಬೇಕು, ಮೂರನೆಯದು ಹೋಗಬಾರದು. ಮೊದಲ ಸಲ ತೊಡಿಸಿದಾಗ ತಿಮ್ಮ ಬೆನ್ನಿಗೆ ಪೆಟ್ಟು ಬಿದ್ದವನಂತೆ ಪಕ್ಕಕ್ಕೆ ಉರುಳಿ ಕಾಲು ಚಾಚಿ ಬಿದ್ದುಕೊಂಡ. ಅತ್ತೆ ಗಾಬರಿಯಾದರು. ಮೈಮೇಲೆ ಏನಾದರೂ ಬಿಗಿದರೆ ಬೆಕ್ಕುಗಳು ಹೀಗೆ ಮಾಡುವುದುಂಟು. ಬೇಯಿಸಿದ ಕೋಳಿಯ ಚೂರು ಮೂಗಿನ ಮುಂದೆ ಹಿಡಿದೆ; ತಿನ್ನಲು ಎದ್ದ. ದಿನವೂ ಊಟದ ಹೊತ್ತಿಗಷ್ಟೇ ತೊಡಿಸಿ, ಉಂಡ ಮೇಲೆ ಬಿಚ್ಚುತ್ತಾ ಬಂದೆ. ಬಾಲ ಎತ್ತಿಕೊಂಡು ಮನೆಯೊಳಗೆ ನಡೆಯುವವರೆಗೂ ಹೊರಗಿನ ಮಾತೆತ್ತಲಿಲ್ಲ.

ಕಾವೇರಿ ಸಂಕ್ರಮಣ ಕಳೆದು ಬಿಸಿಲು ಬಿದ್ದ ಒಂದು ಮಧ್ಯಾಹ್ನ ಅವನನ್ನು ಬುಟ್ಟಿಯಲ್ಲೇ ಹೊತ್ತು ಕಣಕ್ಕೆ ತಂದೆ. ಕೊಯ್ಲು ಶುರುವಾಗುವ ತನಕ ಕಣ ಖಾಲಿ. ಸುತ್ತ ಪೊದೆಯಿಲ್ಲ, ಯಾರು ಬಂದರೂ ದೂರದಿಂದಲೇ ಕಾಣುತ್ತದೆ. ಬುಟ್ಟಿಯ ಬಾಗಿಲು ತೆರೆದಿಟ್ಟು ಕುಳಿತೆ. ಬಹಳ ಹೊತ್ತು ಅವನು ಹೊರಗೆ ಬರಲೇ ಇಲ್ಲ, ಕಿವಿ ಮಾತ್ರ ಅತ್ತಿತ್ತ ತಿರುಗುತ್ತಿತ್ತು. ಕೊನೆಗೆ ಹೊಟ್ಟೆ ನೆಲಕ್ಕೆ ತಾಗುವಂತೆ ಹೊರಬಂದು, ಕಣದ ಅಂಚಿನ ಒಂದು ಕಲ್ಲನ್ನು ಮೂಸತೊಡಗಿದ. ಯಾವುದೋ ಗಡವ ಗುರುತು ಹಾಕಿ ಹೋಗಿದ್ದಿರಬೇಕು. ಬಾಯಿ ಅರ್ಧ ತೆರೆದು, ಮೇಲ್ದುಟಿ ಎತ್ತಿ, ಕಣ್ಣು ಕಿರಿದುಮಾಡಿ ನಿಂತ. ಅಂಗುಳಲ್ಲಿ ವಾಸನೆ ಹಿಡಿಯುವ ಇನ್ನೊಂದು ಅಂಗ ಬೆಕ್ಕಿಗಿದೆ, ಅದಕ್ಕೆ ಗಾಳಿ ಎಳೆದುಕೊಳ್ಳುವ ಬಗೆ ಅದು. ನಡೆಸಿದ್ದು ನಾನಲ್ಲ, ಅವನು. ಹತ್ತು ಹೆಜ್ಜೆಯೂ ಹೋಗಿರಲಿಕ್ಕಿಲ್ಲ.

ಆಗ ಲೈನ್ ಕಡೆಯಿಂದ ನಾಯಿ ಬೊಗಳಿತು. ತಿಮ್ಮ ಮುಂದಕ್ಕೆ ಓಡಲಿಲ್ಲ. ನನ್ನ ಕಡೆ ಮುಖ ಮಾಡಿ ಹಿಂದಕ್ಕೆ ಸರಿದ. ಬೆಕ್ಕು ಹಾರ್ನೆಸ್‌ನಿಂದ ಕಳಚಿಕೊಳ್ಳುವುದು ಹೀಗೆಯೇ. ಹಗ್ಗ ಬಿಗಿಯಾದಷ್ಟೂ ಪಟ್ಟಿ ಭುಜ ದಾಟಿ ಕಿವಿಯ ಕಡೆ ಜಾರುತ್ತದೆ, ಮುಂಗಾಲು ಮಡಚಿದರೆ ಮುಗಿಯಿತು. ಎಳೆಯಲಿಲ್ಲ. ಹಗ್ಗ ಸಡಿಲ ಬಿಟ್ಟು, ಅವನು ಸರಿದಷ್ಟೂ ಅವನ ಕಡೆಗೆ ಹೋಗುತ್ತಾ ಬುಟ್ಟಿಯನ್ನು ಕಾಲಿನಿಂದ ಮುಂದಕ್ಕೆ ದೂಡಿದೆ. ನೇರ ಬುಟ್ಟಿಯೊಳಗೆ ನೆಗೆದ. ಓಡಿ ಸೇರಲು ತನ್ನದೇ ವಾಸನೆಯ ಗೂಡು ಹತ್ತಿರವಿದ್ದದ್ದರಿಂದ ಅಂದು ಬಚಾವಾದೆವು.

ಮನೆಗೆ ಬಂದ ಕೂಡಲೇ ಒದ್ದೆ ಬಟ್ಟೆಯಲ್ಲಿ ಪಾದ ಒರೆಸಿ, ಕಿವಿಯ ಅಂಚು, ಗದ್ದದ ಕೆಳಗೆ, ಬೆರಳ ಸಂದಿ ತಡವಿ ನೋಡುವುದು ಈಗ ರೂಢಿ. ಒಮ್ಮೆ ಕಿವಿಯ ಬುಡದಲ್ಲಿ ರಕ್ತ ಹೀರುವ ಉಣ್ಣೆ ಸಿಕ್ಕಿತು. ಚಿಮಟದಿಂದ ಚರ್ಮಕ್ಕೆ ಒತ್ತಿ ಹಿಡಿದು ನೇರ ಮೇಲಕ್ಕೆ ಎಳೆದು ತೆಗೆದೆ. ಮನೆಯವರು ತಕ್ಷಣ ತೋಟದ ನಾಯಿಗೆ ಹಾಕುವ ಉಣ್ಣೆ ಔಷಧದ ಟ್ಯೂಬ್ ತಂದರು. ಅದನ್ನು ಕೈಯಿಂದ ಕಿತ್ತುಕೊಂಡೆ ಎಂದೇ ಹೇಳಬೇಕು. ನಾಯಿಯ ಕೆಲವು ಔಷಧಗಳಲ್ಲಿ ಪರ್ಮೆಥ್ರಿನ್ ಇರುತ್ತದೆ, ಬೆಕ್ಕಿನ ಯಕೃತ್ತು ಅದನ್ನು ಅರಗಿಸಲಾರದು. ಮೈ ನಡುಕ, ಸೆಳವು, ಸಾವಿನವರೆಗೂ ಹೋಗಬಹುದು. ಬೆಕ್ಕಿಗೆಂದೇ ಇರುವ, ತೂಕಕ್ಕೆ ತಕ್ಕ ಟ್ಯೂಬನ್ನು ಡಾಕ್ಟರನ್ನು ಕೇಳಿ ತಂದು, ನಾಲಿಗೆ ನಿಲುಕದ ಕುತ್ತಿಗೆಯ ಹಿಂಭಾಗಕ್ಕೆ ಹಚ್ಚುತ್ತೇನೆ.

ಇದರ ಕಿರಿಕಿರಿಯನ್ನೂ ಹೇಳಬೇಕು. ಹೊರಗಿನ ರುಚಿ ಹತ್ತಿದ ಮೇಲೆ ತಿಮ್ಮ ಬಾಗಿಲ ಮುಂದೆ ಕುಳಿತು ಅರಚುವುದನ್ನು ಕಲಿತ. ಅರಚಿದಾಗ ಕರೆದೊಯ್ದರೆ ಅರಚುವುದೇ ಬಾಗಿಲಿನ ಕೀಲಿಕೈಯಾಗುತ್ತದೆ. ಊಟವಾದ ಮೇಲಿನ ಒಂದೇ ಹೊತ್ತು, ಯಾವಾಗಲೂ ಬುಟ್ಟಿಯಲ್ಲೇ, ಹೊಸಿಲನ್ನು ಅವನ ಕಾಲು ದಾಟುವಂತಿಲ್ಲ ಎಂಬ ನಿಯಮಕ್ಕೆ ಅಂಟಿಕೊಂಡ ಮೇಲೆ ಕೂಗು ಬಹುಮಟ್ಟಿಗೆ ನಿಂತಿತು. ಪಕ್ಕದ ತೋಟದವರ ಹೆಣ್ಣು ಬೆಕ್ಕಿಗೆ ಇದು ಯಾವುದೂ ನಡೆಯಲಿಲ್ಲ. ಹಾರ್ನೆಸ್ ಕಂಡರೇ ಮಂಚದ ಕೆಳಗೆ ಸೇರುತ್ತಿತ್ತು, ಊಟ ಬಿಡತೊಡಗಿತು. ಅಂಥದ್ದಕ್ಕೆ ಜಾಲರಿಯ ಜಗಲಿಯೇ ಸಾಕು ಎಂದೆ. ಹೆದರಿಸಿ ಸುತ್ತಾಡಿಸುವುದೂ ಒತ್ತಡವೇ.

ತಿಮ್ಮನ ತೂಕ ನಿಧಾನವಾಗಿ ಐದು ಕಿಲೋಗೆ ಹತ್ತಿರ ಬಂದಿದೆ. ಬೇಗ ಇಳಿಸಬಾರದು, ದಪ್ಪ ಬೆಕ್ಕು ಊಟ ಬಿಟ್ಟರೆ ಯಕೃತ್ತಿಗೆ ಕೊಬ್ಬು ತುಂಬುತ್ತದೆ ಎಂದು ಡಾಕ್ಟರು ಎಚ್ಚರಿಸಿದ್ದರು. ಮರಳಿನಲ್ಲಿ ಒದ್ದೆ ಮತ್ತೆ ಅಂಗೈಯಗಲವಾಗಿದೆ. ಅದು ಹೊರಗಿನ ಗಾಳಿಯ ಫಲ ಎಂದು ಮನೆಯವರು ಎಲ್ಲರಿಗೂ ಹೇಳುತ್ತಾರೆ. ಅದೇ ಹೊತ್ತಿಗೆ ಒಣ ಕಾಳನ್ನು ಕಡಿಮೆ ಮಾಡಿ ನೀರು ಬೆರೆಸಿದ ಕೋಳಿ ಮತ್ತು ಡಬ್ಬಿಯ ಮೆತ್ತನೆ ಆಹಾರ ಕೊಡುತ್ತಿದ್ದೇನೆ, ಮೂರು ಕಡೆ ನೀರಿಟ್ಟಿದ್ದೇನೆ. ಯಾವುದರಿಂದ ಎಷ್ಟು ಎಂದು ಬಿಡಿಸಲಾಗದು. ಈ ಕಾಯಿಲೆ ಮರುಕಳಿಸುವುದು ಸಾಮಾನ್ಯ, ಆದ್ದರಿಂದ ತಟ್ಟೆ ನೋಡುವುದನ್ನು ಬಿಟ್ಟಿಲ್ಲ.

ಈಗ ಕಣದ ತುಂಬ ಕಾಫಿ ಹರಡಿದೆ, ತಿಮ್ಮನ ತಿರುಗಾಟ ಬಾವಿಯ ಬದಿಗೆ ಸರಿದಿದೆ. ಔಷಧಿ ಹೊಡೆಯುವ ವಾರಗಳಲ್ಲಿ ಅದೂ ಇಲ್ಲ. ಜೂನ್ ಬಂದರೆ ಇಂಬಳದ ಕಾಟದಿಂದ ಹೊರಗೆ ಹೋಗುವುದೇ ನಿಲ್ಲುತ್ತದೆ, ಅವನಿಗೆ ಜಗಲಿಯೊಂದೇ ಗತಿ. ಅಷ್ಟರೊಳಗೆ ಜಾಲರಿಯ ಗಾಳಿಬದಿಗೆ ತಗಡು ಹೊಡೆಸಿ, ಇನ್ನೊಂದು ಹಲಗೆ ಏರಿಸಬೇಕು. ಕೊಯ್ಲು ಮುಗಿಯುವ ತನಕ ಬರಲಾಗದು ಎಂದು ವೆಲ್ಡಿಂಗ್‌ನವರು ಹೇಳಿದ್ದಾರೆ.